ನಾಯಂಕರ ಪದ್ಧತಿ: ಉತ್ತರ ಬರೆದಿದ್ದೇನೆ, ಎಲ್ಲಿ ಸೋತಿದೆ ಹೇಳ್ತೀರಾ?

ಸುಮಾ_ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ಮುಖ್ಯ ಪರೀಕ್ಷೆಗೆ ಕನ್ನಡದಲ್ಲೇ ಉತ್ತರ ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಈ ವಾರದ ಪ್ರಶ್ನೆ ಇದು:

"ವಿಜಯನಗರದ ಆಡಳಿತ ಹೇಗೆ ನಡೆಯುತ್ತಿತ್ತು? ನಾಯಂಕರ ಪದ್ಧತಿಯನ್ನು ಮುಖ್ಯವಾಗಿಟ್ಟುಕೊಂಡು ವಿಮರ್ಶಿಸಿ." 15 ಅಂಕ, 250 ಪದ.

ನನ್ನ ಪೀಠಿಕೆ: "ವಿಜಯನಗರ ಸಾಮ್ರಾಜ್ಯವು 1336ರಲ್ಲಿ ಹರಿಹರ ಮತ್ತು ಬುಕ್ಕರಿಂದ ಸ್ಥಾಪನೆಯಾಯಿತು. ಸಂಗಮ, ಸಾಳುವ, ತುಳುವ, ಅರವೀಡು ಎಂಬ ನಾಲ್ಕು ವಂಶಗಳು ಆಳಿದವು. ಇವರ ಆಡಳಿತವು ಸುವ್ಯವಸ್ಥಿತವಾಗಿತ್ತು."

ಒಡಲಿನಲ್ಲಿ ರಾಜ, ಮಂತ್ರಿ ಪರಿಷತ್ತು, ರಾಜ್ಯ-ನಾಡು-ಸ್ಥಳ-ಗ್ರಾಮ ಎಂಬ ವಿಭಾಗ, ಕಂದಾಯ, ನ್ಯಾಯ, ಸೈನ್ಯ, 12 ಆಯಗಾರರು, ಕೊನೆಗೆ ನಾಯಂಕರ ಅಂತ ಒಂದೊಂದಕ್ಕೂ ಎರಡೆರಡು ವಾಕ್ಯ ಬರೆದಿದ್ದೇನೆ. ನಾಯಂಕರದ ಬಗ್ಗೆ ಬರೆದದ್ದು ಇಷ್ಟು: "ನಾಯಕರಿಗೆ ಭೂಮಿ ನೀಡಲಾಗುತ್ತಿತ್ತು. ಅವರು ರಾಜನಿಗೆ ಸೈನ್ಯ ಒದಗಿಸುತ್ತಿದ್ದರು."

ಉಪಸಂಹಾರ: "ಹೀಗೆ ವಿಜಯನಗರದ ಆಡಳಿತ ಮುಂದಿನವರಿಗೆ ಮಾದರಿಯಾಯಿತು."

ತಿದ್ದಿದವರು 15ಕ್ಕೆ 5 ಕೊಟ್ಟು, "ಮಾಹಿತಿ ಇದೆ, ಉತ್ತರ ಇಲ್ಲ" ಅಂತ ಬರೆದಿದ್ದಾರೆ. ಏನು ಮಾಡಬೇಕು ಅಂತ ಮಾತ್ರ ಹೇಳಿಲ್ಲ.

ರಾತ್ರಿಪಾಳಿ

ನನಗೇನೋ ಚೆನ್ನಾಗೇ ಕಾಣುತ್ತಿದೆ. ಹಂಪಿ ಬಂತಲ್ಲ, ವಿಠ್ಠಲ ದೇವಸ್ಥಾನ, ಕಲ್ಲಿನ ರಥ, ಹಜಾರ ರಾಮನ ಗುಡಿ ಸೇರಿಸಿ. ಅಷ್ಟದಿಗ್ಗಜರನ್ನು ಸೇರಿಸಿ. ಜಾಸ್ತಿ ಅಂಶ ಇದ್ದಷ್ಟೂ ಜಾಸ್ತಿ ಅಂಕ. ನಾನು ಹಾಗೇ ಬರೆಯೋದು.

ಸುಮಾ_ಅರಸೀಕೆರೆ

ಅಣ್ಣಾ, ಕೇಳಿರೋದು ಆಡಳಿತ, ವಾಸ್ತುಶಿಲ್ಪ ಅಲ್ಲ.

ರಾತ್ರಿಪಾಳಿ

ಓ, ಹೌದಾ. ಡ್ಯೂಟಿ ಮಧ್ಯೆ ಮೊಬೈಲಲ್ಲಿ ಓದಿದ್ದು. ಆದರೂ ಒಂದು ಸಾಲು ಹಾಕಿದರೆ ನಷ್ಟ ಏನು?

ಹಳೇ_ಮೇಷ್ಟ್ರು

ನಷ್ಟ ಇದೆ. 250 ಪದದಲ್ಲಿ 20 ಪದ ಕಲ್ಲಿನ ರಥಕ್ಕೆ ಕೊಟ್ಟರೆ, ಅಷ್ಟು ಪದ ಕೇಳಿದ್ದಕ್ಕೆ ಕಡಿಮೆಯಾಯಿತು.

ಸುಮಾ, ನಿಮ್ಮ ಉತ್ತರದಲ್ಲಿ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಆದರೆ ಹೆಸರುಗಳನ್ನು ಬದಲಿಸಿ ಹೊಯ್ಸಳರಿಗೋ ಚೋಳರಿಗೋ ಹಚ್ಚಿದರೂ ಮುಕ್ಕಾಲು ಪಾಲು ನಡೆದುಹೋಗುತ್ತದೆ. ರಾಜ ಇದ್ದ, ಮಂತ್ರಿ ಇದ್ದ, ಹಳ್ಳಿ ಇತ್ತು. ಎಲ್ಲಿ ಇರಲಿಲ್ಲ ಹೇಳಿ? "ಹೇಗೆ ನಡೆಯುತ್ತಿತ್ತು" ಅಂತ ಕೇಳಿದಾಗ ಯಾವ್ಯಾವ ಹುದ್ದೆ ಇತ್ತು ಅಂತ ಪಟ್ಟಿ ಕೊಟ್ಟರೆ ಅದು ಉತ್ತರ ಆಗುವುದಿಲ್ಲ.

ಕಾಲೇಜಿನಲ್ಲಿ ನಾನು ಹುಡುಗರಿಗೆ ಹೇಳುತ್ತಿದ್ದದ್ದು ಒಂದೇ ಮಾತು: ದುಡ್ಡಿನ ಹಿಂದೆ ಹೋಗಿ. ಗದ್ದೆಯಲ್ಲಿ ಬೆಳೆದದ್ದನ್ನು ಯಾರು ವಸೂಲಿ ಮಾಡಿದರು? ಎಷ್ಟು ತಾವೇ ಇಟ್ಟುಕೊಂಡರು, ಯಾವುದಕ್ಕೆ? ರಾಯನಿಗೆ ಎಷ್ಟು ಮುಟ್ಟಿತು? ಮುಟ್ಟದಿದ್ದರೆ ರಾಯ ಏನು ಮಾಡಬಲ್ಲವನಾಗಿದ್ದ? ಈ ನಾಲ್ಕಕ್ಕೆ ಉತ್ತರ ಹೇಳಿದರೆ ಒಡಲು ತಾನಾಗಿ ಮುಗಿಯುತ್ತದೆ.

ವಿಜಯನಗರದ ಮಟ್ಟಿಗೆ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, 1535ರ ಆಸುಪಾಸಿನಲ್ಲಿ ಬರೆದವನು. ಅವನು ಹೇಳುವುದು ಹೀಗೆ: ನೆಲವೆಲ್ಲ ರಾಯನದು. ಅವನ ಕೈಯಿಂದ ನಾಯಕರು ಪಡೆದು ರೈತರಿಗೆ ಬಿಡುತ್ತಾರೆ. ಇಂಥ ನಾಯಕರು 200ಕ್ಕೂ ಹೆಚ್ಚು. ಅವರ ನೆಲದ ಒಟ್ಟು ಹುಟ್ಟುವಳಿ 120 ಲಕ್ಷ ಪರ್ದಾವ್, ಅಂದರೆ ನಮ್ಮ ವರಹ. ಅದರಲ್ಲಿ 60 ಲಕ್ಷ ರಾಯನಿಗೆ. ಉಳಿದದ್ದು ಅವರು ಸಾಕಬೇಕಾದ ಸೈನಿಕರಿಗೆ, ಆನೆಗಳಿಗೆ.

ಇದಾದ ಮೇಲೆ ಕೆಲವು ನಾಯಕರ ಲೆಕ್ಕವನ್ನು ಹೆಸರು ಹಿಡಿದು ಕೊಡುತ್ತಾನೆ. ಅದರಲ್ಲಿ ಸಾಳುವನಾಯಕನ ಲೆಕ್ಕ ನೋಡಿ. ಚೋಳಮಂಡಲದ ಕರಾವಳಿ, ನಾಗಪಟ್ಟಣ, ತಂಜಾವೂರು ಎಲ್ಲ ಅವನ ಕೈಯಲ್ಲಿ. ವರ್ಷದ ಹುಟ್ಟುವಳಿ 11 ಲಕ್ಷ ವರಹ. ಮೂರರಲ್ಲಿ ಒಂದು ಪಾಲು ರಾಯನಿಗೆ, ಹತ್ತಿರ ಹತ್ತಿರ ಮೂರೂಮುಕ್ಕಾಲು ಲಕ್ಷ. ಉಳಿದ ಎರಡು ಪಾಲಿನಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು. ಸಾಕಿ ಮಿಕ್ಕಿದ್ದು ಅವನದು. ಆಮೇಲೆ ನ್ಯೂನಿಜ್ ಒಂದು ಮಾತು ಸೇರಿಸುತ್ತಾನೆ: ಇವನು ಪೂರ್ತಿ ಸೈನ್ಯ ಯಾವತ್ತೂ ಇಟ್ಟುಕೊಳ್ಳುವುದಿಲ್ಲ, ಹಾಗಾಗಿಯೇ ಇಷ್ಟು ಶ್ರೀಮಂತ. ರಾಯ ಮನಸ್ಸು ಮಾಡಿದಾಗ ಇಂಥವರ ಆಸ್ತಿ ಕಿತ್ತುಕೊಳ್ಳುತ್ತಾನೆ, ಅದನ್ನೂ ಹೇಳುತ್ತಾನೆ.

ಇಡೀ ಪದ್ಧತಿ, ಅದರ ಬಿರುಕು, ರಾಯನ ಹತ್ತಿರ ಇದ್ದ ಅಸ್ತ್ರ, ಮೂರೂ ಈ ಒಂದು ಉದಾಹರಣೆಯಲ್ಲಿ ಸಿಗುತ್ತವೆ. ನಿಮ್ಮ ಉತ್ತರದ ನಡುವೆ ಇದನ್ನು ಇಡಿ.

ಗೌಡ್ರ_ಮಗ

ಸರ್, ಇಷ್ಟೆಲ್ಲ ಯಾಕೆ? ಇದು ಯುರೋಪಿನ ಊಳಿಗಮಾನ್ಯ ಪದ್ಧತಿನೇ ಅಲ್ವಾ. ರಾಜ ಭೂಮಿ ಕೊಟ್ಟ, ಸಾಮಂತ ಸೈನ್ಯ ಕೊಟ್ಟ. "ನಾಯಂಕರ ಒಂದು ಊಳಿಗಮಾನ್ಯ ವ್ಯವಸ್ಥೆ" ಅಂತ ಬರೆದರೆ ಮುಗೀತು. ನಮ್ಮ ನೋಟ್ಸಿನಲ್ಲೂ ಹಾಗೇ ಇದೆ.

ಹಳೇ_ಮೇಷ್ಟ್ರು

ಅರ್ಧ ಸರಿ. ನೆಲದ ಹುಟ್ಟುವಳಿಗೆ ಬದಲಾಗಿ ಸೈನ್ಯ, ಇಲ್ಲಿಯವರೆಗೆ ಹೋಲಿಕೆ ಇದೆ. ಆದರೆ ನಾಯಕನಿಗೆ ಸಿಕ್ಕಿದ್ದು ನೆಲದ ಒಡೆತನ ಅಲ್ಲ, ಅಲ್ಲಿನ ಕಂದಾಯ ಎತ್ತುವ ಹಕ್ಕು. ಅದರ ಮೇಲೆ ವರ್ಷಕ್ಕೆ ಇಷ್ಟು ನಗದು ರಾಯನಿಗೆ ಕಟ್ಟಬೇಕು. ರಾಯ ಸಿಟ್ಟಾದರೆ ಹಕ್ಕು ಹೋಯಿತು. ನಿಮ್ಮ ವಾಕ್ಯ ಬರೆದು ಅಲ್ಲೇ ನಿಂತರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. "ಹೋಲಿಕೆ ಇದೆ, ಆದರೆ" ಅಂತ ಮುಂದುವರಿಸಿದರೆ ನಿಮ್ಮ ಮಾತೂ ಉಳಿಯುತ್ತದೆ, ವಿಮರ್ಶೆಯೂ ಆಗುತ್ತದೆ.

ವಿನಯಾ_ದೆಹಲಿ

ನಾನು ಯುಪಿಎಸ್‌ಸಿಗೆ ಇತಿಹಾಸ ಐಚ್ಛಿಕ ತೆಗೆದುಕೊಂಡವಳು. ಊಳಿಗಮಾನ್ಯ ಅನ್ನುವ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ ಮೇಷ್ಟ್ರೇ. ಜಪಾನಿನ ಇತಿಹಾಸಕಾರ ಕರಾಶಿಮ ತಮಿಳು ಶಾಸನಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ನಾಯಕರನ್ನು ಆ ದಿಕ್ಕಿನಲ್ಲೇ ನೋಡಿದರು. ಇನ್ನೊಂದು ಕಡೆ ಬರ್ಟನ್ ಸ್ಟೈನ್ ವಿಜಯನಗರಕ್ಕೆ ಅಷ್ಟು ಬಿಗಿಯಾದ ಕೇಂದ್ರ ಇರಲೇ ಇಲ್ಲ ಅಂದರು. ಅವರ ಪ್ರಕಾರ ರಾಯನ ನಿಜವಾದ ಹಿಡಿತ ಒಂದು ವಲಯಕ್ಕೆ ಸೀಮಿತ, ಆಚೆ ಇದ್ದದ್ದು ಹೆಚ್ಚಾಗಿ ಧಾರ್ಮಿಕ, ಸಾಂಕೇತಿಕ ಯಜಮಾನಿಕೆ. ನೀಲಕಂಠ ಶಾಸ್ತ್ರಿಗಳು ಇದಕ್ಕೆ ತದ್ವಿರುದ್ಧ, ಯುದ್ಧಕ್ಕೆಂದೇ ಕಟ್ಟಿದ ರಾಜ್ಯ ಅಂದರು. "ವಿಮರ್ಶಿಸಿ" ಅಂದ ಮೇಲೆ ಈ ಮೂವರೂ ಬರಬೇಕು.

ಇನ್ನೊಂದು. ನ್ಯೂನಿಜ್ ಸಾಳುವನಾಯಕನಿಗೆ ಮೂರನೇ ಒಂದು ಅನ್ನುತ್ತಾನೆ, ಒಟ್ಟು ಲೆಕ್ಕದಲ್ಲಿ ಅರ್ಧ ಅನ್ನುತ್ತಾನೆ. ರೈತ ಹತ್ತರಲ್ಲಿ ಒಂಬತ್ತು ಪಾಲು ಕೊಡುತ್ತಿದ್ದ ಅಂತಲೂ ಬರೆದಿದ್ದಾನೆ. ಒಂಬತ್ತು ಪಾಲು ಕೊಟ್ಟರೆ ಒಕ್ಕಲು ಮುಂದಿನ ವರ್ಷ ಬಿತ್ತುವುದು ಏನನ್ನ? ಅವನ ಅಂಕಿಗಳನ್ನು ಅಷ್ಟು ಸಲೀಸಾಗಿ ನಂಬಬಹುದಾ?

ಹಳೇ_ಮೇಷ್ಟ್ರು

ಒಂಬತ್ತು ಪಾಲಿನ ಮಾತನ್ನು ನಾನೂ ಉತ್ತರದಲ್ಲಿ ಹಾಕಬೇಡಿ ಅಂತಲೇ ಹೇಳುತ್ತೇನೆ. ಹೊರಗಿನವನು ಕಿವಿಗೆ ಬಿದ್ದದ್ದನ್ನು ಬರೆದಿದ್ದಾನೆ. ಅರ್ಧ ಮತ್ತು ಮೂರನೇ ಒಂದರ ವಿಷಯದಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಒಬ್ಬೊಬ್ಬ ನಾಯಕನಿಗೆ ಒಂದೊಂದು ಕರಾರು. ಗಡಿಯಲ್ಲಿರುವವನಿಗೆ, ಜಾಸ್ತಿ ಸೈನ್ಯ ಸಾಕುವವನಿಗೆ ರಾಯನ ಪಾಲು ಕಡಿಮೆ ಇದ್ದಿರಬಹುದು. "ನ್ಯೂನಿಜ್ ಪ್ರಕಾರ" ಅಂತ ಎರಡು ಪದ ಮುಂದಿಟ್ಟರೆ ಅಂಕಿಯ ಹೊಣೆ ಅವನದೇ.

ಮೂವರು ವಿದ್ವಾಂಸರ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಐಚ್ಛಿಕ ಪತ್ರಿಕೆಗೆ ಸರಿ. ಸಾಮಾನ್ಯ ಅಧ್ಯಯನದ 250 ಪದದಲ್ಲಿ ಮೂರು ಹೆಸರು, ಮೂರು ವಾದ ತುರುಕಿದರೆ ಆಡಳಿತ ಹೇಗಿತ್ತು ಅನ್ನುವುದೇ ಹೊರಗೆ ಉಳಿಯುತ್ತದೆ.

ವಿನಯಾ_ದೆಹಲಿ

ಹೆಸರಿಲ್ಲದೆ "ಕೆಲವು ಇತಿಹಾಸಕಾರರು" ಅಂತ ಬರೆದರೆ ತಿದ್ದುವವರು ಸುಮ್ನೆ ಹಾರಿಸಿ ಮುಂದೆ ಹೋಗುತ್ತಾರೆ ಮೇಷ್ಟ್ರೇ. ಒಂದಾದರೂ ಹೆಸರು ಇರಲೇಬೇಕು.

ತೀರ್ಥಹಳ್ಳಿ_ಶ್ರೀಧರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಪರೀಕ್ಷೆ ಬರೆಯುವವನಲ್ಲ. ನಮ್ಮದು ಶಾನುಭೋಗರ ಮನೆತನ. ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಕಡತ ಇದೆ, ಶಿವಪ್ಪ ನಾಯಕನ ಶಿಸ್ತು ಅಂತ ಮನೆಯಲ್ಲಿ ಹೇಳುತ್ತಿದ್ದರು. ನಮಗೆ ಉಂಬಳಿ ಜಮೀನೂ ಇತ್ತಂತೆ. ಹಾಗಾದರೆ ನಮ್ಮ ಹಿರಿಯರೂ ಒಂಥರಾ ಈ ಅಮರನಾಯಕರೇನಾ?

ಹಳೇ_ಮೇಷ್ಟ್ರು

ಅಲ್ಲ ಶ್ರೀಧರ್ ಅವರೇ, ಆದರೆ ನಿಮ್ಮ ಪ್ರಶ್ನೆಯಿಂದ ಸುಮಾ ಅವರಿಗೆ ಒಂದು ಉಪಕಾರ ಆಯಿತು.

ಅಮರ ಅಂದರೆ ಸೈನ್ಯ ಸಾಕುವ ಷರತ್ತಿನ ಮೇಲೆ ಬಿಟ್ಟ ಪ್ರದೇಶ. ಶಾನುಭೋಗನಿಗೆ ಇದ್ದದ್ದು ಲೆಕ್ಕ ಬರೆಯುವ ಕೆಲಸಕ್ಕೆ ಪ್ರತಿಯಾಗಿ ಬಿಟ್ಟ ಜಮೀನು. ಗಾತ್ರದಲ್ಲಿ ಅಜಗಜಾಂತರ. ಆದರೆ ಹಿಂದಿನ ಯೋಚನೆ ಒಂದೇ, ಗಮನಿಸಿ. ಹಳ್ಳಿಯಲ್ಲಿ ಗೌಡ, ಶಾನುಭೋಗ, ತಳವಾರ, ಕಮ್ಮಾರ, ಬಡಗಿ, ಅಗಸ ಹೀಗೆ 12 ಮಂದಿ ಆಯಗಾರರು. ಇವರಿಗೆ ರಾಜಧಾನಿಯಿಂದ ಸಂಬಳ ಬರುತ್ತಿರಲಿಲ್ಲ. ಮಾನ್ಯದ ಜಮೀನು, ಸುಗ್ಗಿಯಲ್ಲಿ ಕಣದ ಮೇಲೆ ಒಂದಿಷ್ಟು ಧಾನ್ಯ, ಅದೇ ಸಂಬಳ. ಮೇಲೆ ನಾಯಕನಿಗೂ ಸಂಬಳ ಇಲ್ಲ, ಅವನಿಗೂ ನೆಲದ ಹುಟ್ಟುವಳಿಯೇ. ತಳವಾರನಿಂದ ಹಿಡಿದು ಸಾಳುವನಾಯಕನವರೆಗೆ ಕೆಲಸಕ್ಕೆ ಕೂಲಿ ಅಂದರೆ ನೆಲದ ಒಂದು ಪಾಲು.

ಸುಮಾ, ನೀವು ಆಯಗಾರರನ್ನು ಒಂದು ಕಡೆ, ನಾಯಂಕರವನ್ನು ಇನ್ನೊಂದು ಕಡೆ ಬರೆದಿದ್ದೀರಿ. ಇವೆರಡನ್ನೂ ಈ ಒಂದು ದಾರದಲ್ಲಿ ಪೋಣಿಸಿದರೆ ಎರಡು ವಾಕ್ಯ ಸಾಕು.

ಶ್ರೀಧರ್, ನಿಮ್ಮ ಪೆಟ್ಟಿಗೆಯ ಕಡತ ಶಿವಪ್ಪ ನಾಯಕನ ಕಾಲದ ಪದ್ಧತಿಯದ್ದಾದರೆ ಅದು 17ನೇ ಶತಮಾನದ ಮಾತು. ಆ ಹೊತ್ತಿಗೆ ಕೆಳದಿಯವರು ರಾಯನಿಗೆ ಕಪ್ಪ ಕಟ್ಟುವ ನಾಯಕರಾಗಿ ಉಳಿದಿರಲಿಲ್ಲ, ತಾವೇ ದೊರೆಗಳು. ತಾವೇ ನೆಲ ಅಳೆಸಿ, ತಾವೇ ಕಂದಾಯ ನಿಗದಿ ಮಾಡಿದರು. ಅದನ್ನೇ ಶಿಸ್ತು ಅನ್ನುವುದು. ಕಾಗದ ಹುಳ ಹಿಡಿಯದ ಹಾಗೆ ನೋಡಿಕೊಳ್ಳಿ, ತಿಳಿದವರಿಗೆ ತೋರಿಸಿ.

ಗೌಡ್ರ_ಮಗ

ಮೇಷ್ಟ್ರೇ, ಒಂದು ಡೌಟು. ಸಾಳುವನಾಯಕ ಪೂರ್ತಿ ಸೈನ್ಯ ಇಟ್ಟುಕೊಳ್ಳದೆ ದುಡ್ಡು ಹೊಡೆಯುತ್ತಿದ್ದ ಅಂದಿರಿ. ರಾಯನಿಗೆ ಗೊತ್ತಾಗುತ್ತಿರಲಿಲ್ವಾ? ಮೊಗಲರು ಕುದುರೆಗೆ ಮುದ್ರೆ ಹಾಕಿಸುತ್ತಿದ್ದರಲ್ಲ, ಆ ಥರ ಇಲ್ಲಿ ಏನಿತ್ತು?

ಹಳೇ_ಮೇಷ್ಟ್ರು

ಇದು ಒಳ್ಳೆಯ ಪ್ರಶ್ನೆ. ಮೂರು ಹಿಡಿತ ಕಾಣುತ್ತವೆ.

ಒಂದು, ಮಹಾನವಮಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪಾಯೆಸ್ ಹಬ್ಬ ಮುಗಿದ ಮೇಲೆ ನಡೆಯುತ್ತಿದ್ದ ಸೈನ್ಯದ ಪ್ರದರ್ಶನವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ನಾಯಕರೆಲ್ಲ ತಮ್ಮ ತಮ್ಮ ಪಡೆಯ ಜೊತೆ ಸಾಲಾಗಿ ನಿಂತಿರುತ್ತಾರೆ, ರಾಯ ನೋಡುತ್ತಾ ಹೋಗುತ್ತಾನೆ. ನ್ಯೂನಿಜ್ ಪ್ರಕಾರ ಹಣ ಕಟ್ಟುವ ಗಡುವೂ ಸೆಪ್ಟೆಂಬರ್, ಇದೇ ಹೊತ್ತು. ಅಂದರೆ ಹಬ್ಬ, ಹಣ, ಸೈನ್ಯದ ತಪಾಸಣೆ ಮೂರೂ ಹೆಚ್ಚುಕಡಿಮೆ ಒಟ್ಟಿಗೆ. ಮಹಾನವಮಿ ದಿಬ್ಬವನ್ನು ವಾಸ್ತುಶಿಲ್ಪದ ಉತ್ತರದಲ್ಲಿ ಬರೆಯುತ್ತೀರಲ್ಲ, ಅದಕ್ಕೆ ಆಡಳಿತದ ಉತ್ತರದಲ್ಲೂ ಜಾಗ ಇದೆ. ರಾತ್ರಿಪಾಳಿಯವರೇ, ನಿಮ್ಮ ಹಂಪಿ ಇಲ್ಲಿ ಬರುತ್ತದೆ ನೋಡಿ.

ಎರಡು, ಕುದುರೆ. ನ್ಯೂನಿಜ್ ಕುದುರೆ ವ್ಯಾಪಾರಿ ಆದ್ದರಿಂದ ಇಲ್ಲಿ ಅವನ ಮಾತಿಗೆ ತೂಕ ಜಾಸ್ತಿ. ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನಂತೆ. ಚೆನ್ನಾಗಿರುವವು ತನ್ನ ಲಾಯಕ್ಕೆ. ಉಳಿದ ನಾಡ ಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ನಾಯಕರಿಗೇ ಮಾರುತ್ತಾನೆ. ಆ ದುಡ್ಡನ್ನೂ ಅವರು ಸೆಪ್ಟೆಂಬರಿನಲ್ಲೇ ಕಟ್ಟಬೇಕು. ಆ ದುಡ್ಡಿನಿಂದ ಪೋರ್ಚುಗೀಸರ ಅರಬ್ಬಿ ಕುದುರೆಗೆ ಹಣ ಸಲ್ಲುತ್ತದೆ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುವುದಿಲ್ಲ. ನಾಯಕರ ಖರ್ಚಿನಲ್ಲಿ ರಾಯನ ಲಾಯ ತುಂಬಿತು! ಇನ್ನು ನಾಯಕರು ಕುದುರೆಗೆ ರಾಯನ ಕಡೆಯೇ ನೋಡಬೇಕಾದಾಗ, ಯಾರ ಹತ್ತಿರ ಎಷ್ಟಿವೆ ಅನ್ನುವ ಅಂದಾಜು ಅರಮನೆಗೆ ಇದ್ದೇ ಇರುತ್ತದೆ.

ಮೂರು, ಕಿತ್ತುಕೊಳ್ಳುವ ಅಧಿಕಾರ. ನಾಯಕರಿಗೂ ಇದರ ಭಯ ಇತ್ತು. ಒಬ್ಬೊಬ್ಬರೂ ರಾಜಧಾನಿಯಲ್ಲಿ ಒಬ್ಬ ಬರಹಗಾರನನ್ನು ಇಟ್ಟಿದ್ದರು, ಅರಮನೆಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿಸುವುದೇ ಅವನ ಕೆಲಸ.

ಮೊಗಲರ ಹಾಗೆ ಕುದುರೆಗೊಂದು ಮುದ್ರೆ, ಸವಾರನಿಗೊಂದು ಚಹರೆ ಪಟ್ಟಿ ಅಂತ ಬರೆಯಲು ಹೋಗಬೇಡಿ. ಅದು ಮನ್ಸಬ್‌ದಾರಿಯ ಮಾತು. ಎರಡನ್ನೂ ಬೆರೆಸಿ ಬರೆಯುವವರು ತುಂಬಾ ಜನ ಇದ್ದಾರೆ.

ವಿನಯಾ_ದೆಹಲಿ

ಸಾಳುವನಾಯಕನ ಕಥೆ ಅಲ್ಲಿಗೇ ಮುಗಿಯುವುದಿಲ್ಲ, ಅದನ್ನೂ ಹೇಳಿ. ಇವನನ್ನು ಚೆಲ್ಲಪ್ಪ ಅಂತ ಕರೆಸಿಕೊಳ್ಳುತ್ತಿದ್ದ ಸಾಳುವ ನರಸಿಂಗ ನಾಯಕ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ಅಚ್ಯುತರಾಯ 1529ರಲ್ಲಿ ಪಟ್ಟಕ್ಕೆ ಬಂದ. 1531ರ ಹೊತ್ತಿಗೆ ಇವನು ತಿರುಗಿಬಿದ್ದು ತಿರುವಾಂಕೂರಿನ ಅರಸನ ಆಶ್ರಯಕ್ಕೆ ಹೋದ. ಅಚ್ಯುತರಾಯ ಶ್ರೀರಂಗದವರೆಗೆ ಬಂದು, ಅಲ್ಲಿಂದ ಬಾಮೈದ ಸಲಕರಾಜನ ಕೈಕೆಳಗೆ ಸೈನ್ಯ ಕಳಿಸಿ ತಾಮ್ರಪರ್ಣಿಯ ಕಡೆ ಸೋಲಿಸಿದ. ಅಂದರೆ ರಾಯನ ಹಿಡಿತ ಸುಳ್ಳಲ್ಲ, ಆದರೆ ಹಿಡಿತ ಉಳಿಸಿಕೊಳ್ಳಲು ಆಗಾಗ ಯುದ್ಧವನ್ನೇ ಮಾಡಬೇಕಿತ್ತು. ಸ್ಟೈನ್ ಮಾತಿಗೂ ಮೇಷ್ಟ್ರ ಮಾತಿಗೂ ನಡುವೆ ನಿಲ್ಲಲು ಇಷ್ಟು ಸಾಕು.

ರಾತ್ರಿಪಾಳಿ

ಆಯ್ತು, ಅರ್ಥ ಆಯ್ತು. ಉಪಸಂಹಾರದಲ್ಲಿ "ನಾಯಕರ ಸ್ವಾರ್ಥದಿಂದ 1565ರಲ್ಲಿ ತಾಳಿಕೋಟೆಯಲ್ಲಿ ಸೋತರು" ಅಂತ ಹಾಕಿದರೆ ಚೆನ್ನಾಗಿ ಮುಗಿಯುತ್ತದೆ ಅಲ್ವಾ?

ಹಳೇ_ಮೇಷ್ಟ್ರು

ಅದನ್ನು ಬರೆಯಬೇಡಿ. ಅಳಿಯ ರಾಮರಾಯ ಸುಲ್ತಾನರ ನಡುವಿನ ಜಗಳದಲ್ಲಿ ಕೈ ಆಡಿಸಿದ್ದು, ಅವರೆಲ್ಲ ಕೊನೆಗೆ ಒಂದಾದದ್ದು, ರಣರಂಗದಲ್ಲಿ ರಾಮರಾಯನೇ ಸಿಕ್ಕಿಬಿದ್ದು ತಲೆ ಕಳೆದುಕೊಂಡದ್ದು, ಇವೆಲ್ಲ ಇರುವಾಗ ನಾಯಂಕರ ಒಂದರ ತಲೆಗೆ ಕಟ್ಟಲಾಗದು. 1565 ಆದ ಮೇಲೆ ಏನಾಯಿತು ಅನ್ನುವುದು ನಮಗೆ ಬೇಕಾದದ್ದು. ರಾಜಧಾನಿ ಹಾಳಾಯಿತು. ಮಧುರೆ, ತಂಜಾವೂರು, ಜಿಂಜಿ, ಕೆಳದಿಯ ನಾಯಕರು ಹಾಳಾಗಲಿಲ್ಲ. ಕಂದಾಯ ಎತ್ತುವುದು, ಸೈನ್ಯ ಸಾಕುವುದು, ನ್ಯಾಯ ಹೇಳುವುದು ಎಲ್ಲ ಮೊದಲಿಂದಲೂ ಅವರ ಕೈಯಲ್ಲೇ ಇತ್ತಲ್ಲ! ಮೇಲಿನವನಿಗೆ ಕಟ್ಟುವುದು ಕ್ರಮೇಣ ನಿಂತಿತು, ಅಷ್ಟೇ.

ಸುಮಾ_ಅರಸೀಕೆರೆ

ಎಲ್ಲರಿಗೂ ಥ್ಯಾಂಕ್ಸ್. ಹೊಸದಾಗಿ ಬರೆದಿದ್ದೇನೆ:

"ವಿಜಯನಗರದ ದೊರೆಗಳಿಗೆ ದೊಡ್ಡ ಸೈನ್ಯ ಬೇಕಿತ್ತು, ಆದರೆ ಅದಕ್ಕೆಲ್ಲ ರಾಜಧಾನಿಯಿಂದಲೇ ಸಂಬಳ ಕೊಡುವುದು ಕಷ್ಟವಿತ್ತು. ಪ್ರದೇಶದ ಕಂದಾಯವನ್ನು ನಾಯಕರಿಗೆ ಬಿಟ್ಟು, ಬದಲಿಗೆ ಸೈನ್ಯ ಮತ್ತು ವಾರ್ಷಿಕ ಹಣ ಪಡೆಯುವ ನಾಯಂಕರ ಪದ್ಧತಿ ಇದಕ್ಕೆ ಕಂಡುಕೊಂಡ ದಾರಿ.

ಆರಂಭದಲ್ಲಿ ರಾಜ್ಯಗಳನ್ನು ಹೆಚ್ಚಾಗಿ ರಾಜಕುಮಾರರು ಮತ್ತು ದಂಡನಾಯಕರು ನೋಡಿಕೊಂಡರು. ಬುಕ್ಕನ ಮಗ ಕಂಪಣ ಮುಳುವಾಯಿಯಲ್ಲಿದ್ದದ್ದು ಇದಕ್ಕೆ ಉದಾಹರಣೆ. ಸಾಳುವ, ತುಳುವರ ಕಾಲಕ್ಕೆ ಅಮರನಾಯಕರು ಮುಂದೆ ಬಂದರು. ನ್ಯೂನಿಜ್ ಪ್ರಕಾರ ಇವರು 200ಕ್ಕೂ ಹೆಚ್ಚು. ಚೋಳಮಂಡಲದ ಸಾಳುವನಾಯಕ 11 ಲಕ್ಷ ವರಹ ಹುಟ್ಟುವಳಿಯಲ್ಲಿ ಮೂರನೇ ಒಂದನ್ನು ರಾಯನಿಗೆ ಕಟ್ಟಿ, ಉಳಿದದ್ದರಲ್ಲಿ 30,000 ಕಾಲಾಳು ಮತ್ತು 3,000 ಕುದುರೆ ಸಾಕಬೇಕಿತ್ತು. ಹಳ್ಳಿಯಲ್ಲೂ ಇದೇ ತತ್ವ: ಗೌಡ, ಶಾನುಭೋಗ ಮೊದಲಾದ 12 ಆಯಗಾರರಿಗೆ ಸಂಬಳದ ಬದಲು ಮಾನ್ಯದ ಭೂಮಿ ಇತ್ತು.

ನಾಯಕರ ಮೇಲೆ ಹಿಡಿತವೂ ಇತ್ತು. ಮಹಾನವಮಿಯ ಹೊತ್ತಿಗೆ ಹಣ ಸಂದಾಯ ಮತ್ತು ಸೈನ್ಯದ ಪ್ರದರ್ಶನ ನಡೆಯುತ್ತಿದ್ದವು. ಕುದುರೆಗಳನ್ನು ರಾಯನೇ ಕೊಂಡು ನಾಯಕರಿಗೆ ಮಾರುತ್ತಿದ್ದ. ತಪ್ಪಿದವರ ಪ್ರದೇಶ ಕಿತ್ತುಕೊಳ್ಳಬಹುದಿತ್ತು. ಈ ಅಂಶ ಇದನ್ನು ಯುರೋಪಿನ ಊಳಿಗಮಾನ್ಯದಿಂದ ಬೇರೆ ಮಾಡುತ್ತದೆ.

ಆದರೆ ನಾಯಕರು ಪೂರ್ತಿ ಸೈನ್ಯ ಸಾಕದೆ ಹಣ ಉಳಿಸುತ್ತಿದ್ದರು, ಭಾರ ರೈತರ ಮೇಲೆ ಬೀಳುತ್ತಿತ್ತು. ದೂರದ ನಾಯಕರ ಮೇಲೆ ಹಿಡಿತ ಸಡಿಲವಿತ್ತು. ಸುಮಾರು 1531ರಲ್ಲಿ ಸಾಳುವನಾಯಕ ಬಂಡೆದ್ದಾಗ ಅಚ್ಯುತರಾಯ ಸೈನ್ಯ ಕಳಿಸಬೇಕಾಯಿತು. ಬರ್ಟನ್ ಸ್ಟೈನ್ ಕೇಂದ್ರದ ಹಿಡಿತವನ್ನೇ ಪ್ರಶ್ನಿಸಿದ್ದಾರೆ. ಈ ಬಂಡಾಯ ಮತ್ತು ಅದರ ದಮನ ನೋಡಿದರೆ ಹಿಡಿತ ಇತ್ತು, ಆದರೆ ಅದು ರಾಯನ ಸೈನ್ಯಬಲವನ್ನು ಅವಲಂಬಿಸಿತ್ತು.

ಕಂದಾಯ, ಸೈನ್ಯ, ನ್ಯಾಯ ನಾಯಕರ ಕೈಯಲ್ಲೇ ಇದ್ದುದರಿಂದ 1565ರ ನಂತರ ರಾಜಧಾನಿ ಬಿದ್ದರೂ ಮಧುರೆ, ತಂಜಾವೂರು, ಕೆಳದಿಗಳಲ್ಲಿ ಆಡಳಿತ ಮುಂದುವರಿಯಿತು. ಕೇಂದ್ರವನ್ನು ದುರ್ಬಲ ಮಾಡಿದ ಗುಣವೇ ಪ್ರಾಂತ್ಯಗಳನ್ನು ಉಳಿಸಿತು."

ವಿನಯಾ ಅಕ್ಕ, ಸ್ಟೈನ್ ಒಬ್ಬರನ್ನೇ ಇಟ್ಟೆ. ಮೇಷ್ಟ್ರೇ, ಬೈಬೇಡಿ.

ಹಳೇ_ಮೇಷ್ಟ್ರು

ಬೈಯುವಂಥದ್ದಿಲ್ಲ. ಪೀಠಿಕೆಯಲ್ಲಿ 1336 ಹೋಗಿ ಕಾರಣ ಬಂತು, ಅದರಿಂದಲೇ ಅರ್ಧ ಕೆಲಸ ಆಯಿತು. ಎರಡು ತಿದ್ದುಪಡಿ ಮಾಡಿ. "ಭಾರ ರೈತರ ಮೇಲೆ" ಅನ್ನುವುದು ಗಾಳಿಯಲ್ಲಿ ನಿಂತಿದೆ, ಒಂದು ಆಧಾರ ಕೊಡಿ. ನಾಯಕರ ದಬ್ಬಾಳಿಕೆಯಿಂದ ಜನ ಕಷ್ಟಪಡುತ್ತಾರೆ ಅಂತ ನ್ಯೂನಿಜ್ ನೇರವಾಗಿ ಹೇಳಿದ್ದಾನೆ, ಅಷ್ಟು ಸಾಕು. ಇನ್ನು "ನ್ಯಾಯ ನಾಯಕರ ಕೈಯಲ್ಲೇ" ಅನ್ನುವ ಮಾತು ಉಪಸಂಹಾರದಲ್ಲಿ ಮೊದಲ ಬಾರಿ ಬಂದಿದೆ. ಹೊಸ ಅಂಶ ಕೊನೆಯಲ್ಲಿ ಬರಬಾರದು. ಒಡಲಿನಲ್ಲಿ ಹೇಳಿ, ಇಲ್ಲ ಅಂದರೆ ತೆಗೆಯಿರಿ.

ವಿನಯಾ_ದೆಹಲಿ

ರೈತರ ವಿಷಯಕ್ಕೆ ನ್ಯೂನಿಜ್‌ಗಿಂತ ಗಟ್ಟಿ ಸಾಕ್ಷಿ ಇದೆ. 1429ರಲ್ಲಿ ಕಾವೇರಿ ಬಯಲಿನಲ್ಲಿ ಬಲಗೈ, ಎಡಗೈ ಎರಡೂ ಪಂಗಡದವರು ಜಗಳ ಬಿಟ್ಟು ಒಂದಾಗಿ, ಹೆಚ್ಚು ತೆರಿಗೆ ಕೊಡುವುದಿಲ್ಲ ಅಂತ ಶಾಸನವನ್ನೇ ಹಾಕಿಸಿದರು. ಅದನ್ನು ಬರೆಯಿರಿ.

ಹಳೇ_ಮೇಷ್ಟ್ರು

1429 ಅಂದರೆ ಎರಡನೇ ದೇವರಾಯನ ಕಾಲ. ಆಗ ಈ ನಾಯಂಕರ ಇಷ್ಟು ಬಲಿತಿರಲಿಲ್ಲ. ಅದನ್ನು ನಾಯಕರ ವಿರುದ್ಧದ ಸಾಕ್ಷಿಯಾಗಿ ಇಟ್ಟರೆ ಕಾಲ ತಪ್ಪುತ್ತದೆ.

ವಿನಯಾ_ದೆಹಲಿ

ತೆರಿಗೆ ಭಾರಕ್ಕೆ ಜನ ಹೇಗೆ ಪ್ರತಿಕ್ರಿಯಿಸಿದರು ಅಂತ ತೋರಿಸಲು ಬಳಸಬಹುದು ಅನ್ನುತ್ತೇನೆ. ಪ್ರಶ್ನೆ ವಿಜಯನಗರದ ಆಡಳಿತ ಅಂತ ಶುರುವಾಗಿದೆ, ಬರೀ ನಾಯಂಕರ ಅಂತಲ್ಲ.

ಹಳೇ_ಮೇಷ್ಟ್ರು

ಇಸವಿ ಸಮೇತ ಬೇರೆ ವಾಕ್ಯವಾಗಿ ಬರೆದರೆ ನಡೆಯಬಹುದು. ನಾನಾದರೆ ಬಿಡುತ್ತೇನೆ.

ಗೌಡ್ರ_ಮಗ

ಸುಮಾ ಮೇಡಂ, ಇದನ್ನು ಬರೆಯೋಕೆ ಎಷ್ಟು ಹೊತ್ತು ಹಿಡಿಯಿತು? ಸಾಮಾನ್ಯ ಅಧ್ಯಯನದ ಪತ್ರಿಕೆಯಲ್ಲಿ ಒಂದು ಉತ್ತರಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು.

ಸುಮಾ_ಅರಸೀಕೆರೆ

ಅರ್ಧ ಗಂಟೆ ದಾಟಿತು! ಅಂಕಿಗಳನ್ನು ನೆನಪು ಮಾಡಿಕೊಳ್ಳೋದ್ರಲ್ಲೇ ಹೊತ್ತು ಹೋಗುತ್ತೆ.

ಹಳೇ_ಮೇಷ್ಟ್ರು

ಎಲ್ಲ ಅಂಕಿ ಬೇಡ. 11 ಲಕ್ಷ, ಮೂರನೇ ಒಂದು, 30,000, ಇಷ್ಟು ನೆನಪಿಟ್ಟರೆ ಸಾಕು. ಸಮಯ ಸಾಲದಿದ್ದರೆ ಮೊದಲು ಬಿಡಬೇಕಾದದ್ದು ಕಂಪಣನ ವಾಕ್ಯ, ಆಮೇಲೆ ಸ್ಟೈನ್. ಸಾಳುವನಾಯಕನನ್ನು ಮಾತ್ರ ಬಿಡಬೇಡಿ.

ವಿನಯಾ_ದೆಹಲಿ

ಕಂಪಣ ಹೋಗಲಿ. ಸ್ಟೈನ್ ಇರಲಿ.

ತೀರ್ಥಹಳ್ಳಿ_ಶ್ರೀಧರ

ಪೆಟ್ಟಿಗೆ ತೆಗೆದು ನೋಡಿದೆ ಮೇಷ್ಟ್ರೇ. ಮೋಡಿ ಅಕ್ಷರ ಇದ್ದ ಹಾಗಿದೆ, ನನಗೆ ಒಂದು ಸಾಲೂ ಓದಲು ಬರುತ್ತಿಲ್ಲ. ಶಿವಮೊಗ್ಗದ ಕಡೆ ಓದಬಲ್ಲವರು ಯಾರಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ.